ಮೊದಲು ಮಾತಾಡಿಸುವವರು ಯಾರು?

ಪದವಿ ಕಾಲೇಜುಗಳ ಪ್ರವೇಶ ಮುಗಿದು ಹಾಸ್ಟೆಲ್‌ನ ಆಯ್ಕೆ ಪಟ್ಟಿ ಹೊರಬಿದ್ದ ವಾರ, ಕೂಡ್ಲಿಗಿಯಿಂದ ಹರಪನಹಳ್ಳಿಯವರೆಗೆ ಎಷ್ಟೋ ಮನೆಗಳಲ್ಲಿ ಹೊರಟು ನಿಂತ ಹುಡುಗನಿಗೆ ಎರಡು ಬುದ್ಧಿಮಾತು ಸಿಗುತ್ತವೆ. ತಾಯಿ ಹೇಳುತ್ತಾಳೆ: ‘ಹೋದ ಕೂಡ್ಲೆ ಎಲ್ಲರನ್ನೂ ಮಾತಾಡ್ಸಪ್ಪ. ಸುಮ್ನೆ ಕುಂತ್ರೆ ಸೊಕ್ಕಿನವ ಅಂತಾರ.’ ಹಾಸ್ಟೆಲ್‌ನಲ್ಲಿ ಇದ್ದು ಬಂದ ಅಣ್ಣನೋ ಮಾವನೋ ಇನ್ನೊಂದು ಹೇಳುತ್ತಾನೆ: ‘ಮೊದಲ ದಿನಾನೇ ಬಾಳ ಹಚ್ಕೊಳ್ಳಾಕ ಹೋಗಬ್ಯಾಡ. ಮುಂದ ಮುಂದ ಹೋದ್ರ ಹಗುರ ಆಗ್ತಿ.’ ಇಬ್ಬರೂ ಅವನ ಒಳ್ಳೆಯದಕ್ಕೇ ಹೇಳುವವರು, ಇಬ್ಬರ ಮಾತಿನ ಹಿಂದೆಯೂ ಅನುಭವ ಇದೆ. ಆದರೆ ಎರಡನ್ನೂ ಒಟ್ಟಿಗೆ ಪಾಲಿಸಲು ಆಗುವುದಿಲ್ಲ ಎಂದು ಆ ಹುಡುಗನಿಗೆ ಬಸ್ಸಿನಲ್ಲೇ ಅನಿಸತೊಡಗುತ್ತದೆ. ಈ ಎರಡು ಮಾತನ್ನು ಪಕ್ಕಪಕ್ಕದಲ್ಲಿಟ್ಟು ತೂಗಿ ನೋಡುವುದು ಈ ಬರಹದ ಕೆಲಸ.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿ ಈ ಐದೂ ತಾಲ್ಲೂಕುಗಳು 2021ರಲ್ಲಿ ಬಳ್ಳಾರಿಯಿಂದ ಬೇರೆಯಾದ ವಿಜಯನಗರ ಜಿಲ್ಲೆಗೆ ಸೇರಿವೆ. ಇಲ್ಲಿ ಹಾಸ್ಟೆಲ್ ಎಂದರೆ ಹೆಚ್ಚಾಗಿ ಸಮಾಜ ಕಲ್ಯಾಣ ಇಲಾಖೆಯ ಅಥವಾ ಹಿಂದುಳಿದ ವರ್ಗಗಳ ಕಲ್ಯಾಣ ಇಲಾಖೆಯ ಮೆಟ್ರಿಕ್ ನಂತರದ ವಿದ್ಯಾರ್ಥಿನಿಲಯ. ನಗರದ ಖಾಸಗಿ ಹಾಸ್ಟೆಲ್‌ಗೂ ಇದಕ್ಕೂ ಒಂದು ದೊಡ್ಡ ವ್ಯತ್ಯಾಸ ಇದೆ. ಇಲ್ಲಿ ಎಲ್ಲರೂ ಒಂದೇ ದಿನ ಬರುವುದಿಲ್ಲ. ಹಳೆಯ ವಿದ್ಯಾರ್ಥಿಗಳು ನವೀಕರಣ ಮಾಡಿಸಿಕೊಂಡು ಮೊದಲೇ ಇರುತ್ತಾರೆ, ಹೊಸಬರು ಪಟ್ಟಿ ಬಂದ ಹಾಗೆಲ್ಲ ಒಬ್ಬೊಬ್ಬರಾಗಿ ಸೇರಿಕೊಳ್ಳುತ್ತಾರೆ. ಹಾಗಾಗಿ ‘ಮೊದಲ ದಿನ’ ಎನ್ನುವುದು ಇಡೀ ಹಾಸ್ಟೆಲ್‌ಗೆ ಒಂದೇ ಅಲ್ಲ. ಒಬ್ಬನ ಮೊದಲ ದಿನ ಇನ್ನೊಬ್ಬನಿಗೆ ಹತ್ತನೆಯದೋ ಇಪ್ಪತ್ತನೆಯದೋ ಆಗಿರುತ್ತದೆ. ಹೊಸಬ ಬಾಗಿಲಲ್ಲಿ ನಿಂತಾಗ ಒಳಗಿನ ಮೂವರು ಆಗಲೇ ಒಗ್ಗಿಕೊಂಡಿರುತ್ತಾರೆ, ಗೋಡೆಯ ಮೊಳೆಗಳು ಹಂಚಿಹೋಗಿರುತ್ತವೆ, ಚಾರ್ಜರ್‌ಗೆ ಇರುವ ಒಂದು ಸಾಕೆಟ್‌ಗೂ ಪಾಳಿ ಗೊತ್ತಾಗಿರುತ್ತದೆ.

ಮೊದಲು ತಾಯಿಯ ಮಾತನ್ನು ತೆಗೆದುಕೊಳ್ಳೋಣ. ಈ ಸೀಮೆಯಲ್ಲಿ ಸುಮ್ಮನಿರುವುದಕ್ಕೆ ನಾಚಿಕೆ ಎಂಬ ಅರ್ಥ ಬರುವುದು ಕಡಿಮೆ, ಧಿಮಾಕು ಎಂಬ ಅರ್ಥ ಬರುವುದೇ ಹೆಚ್ಚು. ಬಸ್‌ಸ್ಟ್ಯಾಂಡಿನಲ್ಲಿ ಪಕ್ಕ ಕೂತ ಅಪರಿಚಿತರು ಕೂಡ ಎರಡು ನಿಮಿಷದಲ್ಲಿ ‘ಯಾವೂರು ನಿಮ್ದು?’ ಅನ್ನುವ ಕಡೆ, ಒಂದೇ ಕೋಣೆಯಲ್ಲಿ ಮಲಗುವವರ ಮುಂದೆ ಮೊಬೈಲ್ ನೋಡುತ್ತ ಕೂತರೆ ಅದನ್ನು ತಪ್ಪು ತಿಳಿಯುವುದು ಸಹಜ. ಅಷ್ಟೇ ಅಲ್ಲ, ತಡವಾದಷ್ಟೂ ಮಾತು ಕಷ್ಟವಾಗುತ್ತ ಹೋಗುತ್ತದೆ. ಮೊದಲ ಸಂಜೆ ‘ನಿನ್ನ ಹೆಸರೇನು?’ ಎಂದು ಕೇಳಿದರೆ ಸಹಜವಾಗಿರುತ್ತದೆ. ಎಂಟು ದಿನ ಒಟ್ಟಿಗೆ ಉಂಡ ಮೇಲೆ ಕೇಳಿದರೆ ಇಬ್ಬರಿಗೂ ಮುಜುಗರ.

ತಾಯಿಯ ಪರವಾಗಿ ಸಂಶೋಧನೆಯೂ ಒಂದು ಮಾತು ಹೇಳುತ್ತದೆ. ಮನಶ್ಶಾಸ್ತ್ರಜ್ಞೆ ಎರಿಕಾ ಬೂತ್‌ಬಿ ಮತ್ತು ಸಂಗಡಿಗರು 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೊಸದಾಗಿ ಪರಿಚಯವಾದವರು ಮಾತು ಮುಗಿಸಿ ಹೋದ ಮೇಲೆ ‘ಎದುರಿನವರಿಗೆ ನಾನು ಎಷ್ಟು ಹಿಡಿಸಿದೆ’ ಎಂಬುದನ್ನು ಇರುವುದಕ್ಕಿಂತ ಕಡಿಮೆ ಅಂದಾಜು ಮಾಡುತ್ತಾರೆ ಎಂದು ಕಂಡುಬಂತು. ಅವರು ನೋಡಿದವರಲ್ಲಿ ಅಮೆರಿಕದ ಕಾಲೇಜು ಹಾಸ್ಟೆಲ್‌ನಲ್ಲಿ ಒಟ್ಟಿಗಿದ್ದ ಮೊದಲ ವರ್ಷದ ವಿದ್ಯಾರ್ಥಿಗಳೂ ಇದ್ದರು. ಈ ತಪ್ಪು ಅಂದಾಜು ಅವರಲ್ಲಿ ತಿಂಗಳುಗಟ್ಟಲೆ ಉಳಿದಿತ್ತು. ಅಮೆರಿಕದ ಹಾಸ್ಟೆಲ್ ಬೇರೆ, ಹಡಗಲಿಯ ಹಾಸ್ಟೆಲ್ ಬೇರೆ, ಅಲ್ಲಿಯ ಅಳತೆಯನ್ನು ಇಲ್ಲಿಗೆ ಹಾಗೇ ತರಲಾಗದು. ಆದರೂ ‘ನಾನು ಮೈಮೇಲೆ ಬಿದ್ದಂತೆ ಕಂಡೆನೇನೋ’ ಎಂಬ ಅಳುಕು ಬಹಳ ಸಲ ನಮ್ಮ ತಲೆಯಲ್ಲಿ ಮಾತ್ರ ಇರುತ್ತದೆ ಎಂಬುದಕ್ಕೆ ಇದು ಒಳ್ಳೆಯ ಆಧಾರ.

ಇನ್ನು ಅಣ್ಣನ ಮಾತು. ಅದನ್ನು ಬರೀ ಅಂಜಿಕೆ ಎಂದು ತಳ್ಳಿಹಾಕುವುದು ನ್ಯಾಯವಲ್ಲ. ಮೊದಲ ದಿನ ಒಬ್ಬನಿಗೆ ಯಾರು ಹೇಗೆ ಎಂಬುದು ಗೊತ್ತಿರುವುದಿಲ್ಲ. ಆಗ ಎಲ್ಲರಿಗೂ ಒಂದೇ ಸಮ ಸಲಿಗೆ ಕೊಟ್ಟರೆ ಅದನ್ನು ಬಳಸಿಕೊಳ್ಳುವವನು ಎಲ್ಲರಿಗಿಂತ ಮೊದಲು ಹತ್ತಿರ ಬರುತ್ತಾನೆ. ಮೊದಲ ರಾತ್ರಿ ತಾನಾಗಿ ಸೀನಿಯರ್‌ಗಳ ತಟ್ಟೆ ತೊಳೆದುಕೊಟ್ಟ ಹುಡುಗನಿಗೆ ಎರಡನೆಯ ರಾತ್ರಿ ಅದು ಕೆಲಸವಾಗುತ್ತದೆ, ಒಂದು ತಿಂಗಳಲ್ಲಿ ಅವನದೇ ಪಾಳಿಯಾಗುತ್ತದೆ. ಮೊದಲ ವಾರ ‘ಇರ್ಲಿ ಬಿಡಣ್ಣ’ ಎಂದು ಎಲ್ಲರ ಚಹಾದ ದುಡ್ಡು ಕೊಟ್ಟವನು, ಮನೆಯಿಂದ ತಂದ ಐನೂರು ರೂಪಾಯಿ ಮುಗಿದ ದಿನ ಇದ್ದಕ್ಕಿದ್ದಂತೆ ಜುಗ್ಗನಾಗುತ್ತಾನೆ. ಕೊಡುವುದನ್ನು ನಿಲ್ಲಿಸುವುದು, ಕೊಡದೆ ಇರುವುದಕ್ಕಿಂತ ಕಷ್ಟ. ಅಣ್ಣ ಹೆದರುವುದು ಇದಕ್ಕೇ, ಮತ್ತು ಅವನು ಅದನ್ನು ಕಣ್ಣಾರೆ ಕಂಡಿರುತ್ತಾನೆ.

ಇಬ್ಬರೂ ಸರಿ ಎಂದ ಮೇಲೆ ತೊಡಕು ಎಲ್ಲಿದೆ? ನನಗೆ ಕಾಣುವುದು ಇಷ್ಟು. ನಮ್ಮ ಊರಿನ ಮರ್ಯಾದೆಯಲ್ಲಿ ಮೊದಲು ಮಾತಾಡಿಸಬೇಕಾದವರು ಬಂದವರಲ್ಲ, ಮನೆಯವರು. ಬಾಗಿಲಿಗೆ ಯಾರೇ ಬಂದರೂ ‘ಬರ್ರಿ, ಕುಂದರ್ರಿ’ ಎಂದು ಒಂದು ಚೊಂಬು ನೀರು ಕೊಟ್ಟ ಮೇಲೆಯೇ ಮುಂದಿನ ಮಾತು. ಬಂದವರು ಅತಿಯಾಗಿ ಮಾತಾಡಬೇಕಿಲ್ಲ, ಮೂಕರಂತೆಯೂ ನಿಲ್ಲಬೇಕಿಲ್ಲ, ಕರೆದ ಮೇಲೆ ಉತ್ತರ ಕೊಟ್ಟರೆ ಆಯಿತು. ಹದಿನೆಂಟು ವರ್ಷ ಈ ಪದ್ಧತಿಯಲ್ಲಿ ಬೆಳೆದ ಹುಡುಗ ಹಾಸ್ಟೆಲ್‌ಗೆ ಬರುತ್ತಾನೆ. ಅಲ್ಲಿ ಮನೆಯವರು ಯಾರು? ಕೋಣೆ ಇಲಾಖೆಯದು, ಕೀಲಿ ವಾರ್ಡನ್‌ದು. ಒಳಗಿರುವ ಮೂವರೂ ತಾವು ಬಂದವರೇ ಅಂದುಕೊಂಡಿರುತ್ತಾರೆ. ಹೊಸಬ ಅವರನ್ನು ಮನೆಯವರು ಅಂದುಕೊಂಡು ಕರೆಯಲಿ ಎಂದು ಕಾಯುತ್ತಾನೆ, ಅವರು ಹೊಸಬನೇ ಹೇಳಿಕೊಳ್ಳಲಿ ಎಂದು ಕಾಯುತ್ತಾರೆ. ನಾಲ್ವರೂ ಸಭ್ಯರೇ. ಆದರೂ ಅರ್ಧ ಗಂಟೆ ಫ್ಯಾನಿನ ಸದ್ದು ಬಿಟ್ಟರೆ ಕೋಣೆಯಲ್ಲಿ ಬೇರೇನೂ ಇರುವುದಿಲ್ಲ.

ಹೀಗೆ ನೋಡಿದರೆ ‘ಮಾತಾಡಿಸಬೇಕೋ ಬೇಡವೋ’ ಎಂಬ ಪ್ರಶ್ನೆ ಬದಲಾಗಿ, ಯಾರ ಜೊತೆ ನಾನು ಮನೆಯವನಂತೆ ಇರಬೇಕು, ಯಾರ ಜೊತೆ ಬಂದವನಂತೆ ಇರಬೇಕು ಎಂದಾಗುತ್ತದೆ. ರೂಮ್‌ಮೇಟ್‌ಗಳಿಗೆ ಒಂದು ಉತ್ತರ, ಸೀನಿಯರ್‌ಗಳಿಗೆ ಇನ್ನೊಂದು ಉತ್ತರ.

ಒಂದು ಸಂಜೆಯನ್ನು ಕಣ್ಣ ಮುಂದೆ ತಂದುಕೊಳ್ಳೋಣ. ಹರಪನಹಳ್ಳಿ ತಾಲ್ಲೂಕಿನ ಹಳ್ಳಿಯೊಂದರ ಹುಡುಗ ಕೊಟ್ಟೂರಿನ ಹಾಸ್ಟೆಲ್‌ಗೆ ಬಂದಿದ್ದಾನೆ. ಒಂದು ಟ್ರಂಕು, ಸುತ್ತಿದ ಚಾಪೆ, ಅಜ್ಜಿ ಹೊಲಿದ ಕೌದಿ, ಬಟ್ಟೆಯಲ್ಲಿ ಕಟ್ಟಿದ ಕಟಕ್ ರೊಟ್ಟಿ, ಡಬ್ಬಿಯಲ್ಲಿ ಶೇಂಗಾ ಚಟ್ನಿಪುಡಿ. ಕೋಣೆಯಲ್ಲಿ ಇಬ್ಬರಿದ್ದಾರೆ, ಒಬ್ಬ ಮಲಗಿದ್ದಾನೆ, ಒಬ್ಬ ಬಟ್ಟೆ ಮಡಚುತ್ತಿದ್ದಾನೆ.

ಅವನು ಬಾಗಿಲಲ್ಲೇ ನಿಂತು ತನ್ನ ಕುಲಗೋತ್ರವನ್ನೆಲ್ಲ ಹೇಳಬೇಕಿಲ್ಲ. ‘ನಮಸ್ಕಾರ, ಈ ರೂಮಿಗೆ ಹಾಕ್ಯಾರ. ಟ್ರಂಕ್ ಎಲ್ಲಿ ಇಡ್ಲಿ?’ ಎಂದರೆ ಸಾಕು. ಈ ಸಣ್ಣ ಪ್ರಶ್ನೆ ಒಂದೇ ಸಲಕ್ಕೆ ಮೂರು ಕೆಲಸ ಮಾಡುತ್ತದೆ. ತಾನು ಯಾರು, ಯಾಕೆ ಬಂದೆ ಎಂದು ತಿಳಿಸುತ್ತದೆ. ಮೊದಲು ಬಂದವರ ಜಾಗಕ್ಕೆ ಬೆಲೆ ಕೊಡುತ್ತದೆ. ಎದುರಿನವನಿಗೆ ಎದ್ದು ಕೈ ಮಾಡಿ ತೋರಿಸುವ ಒಂದು ಸುಲಭದ ಕೆಲಸ ಕೊಡುತ್ತದೆ. ಹೊಗಳಿಕೆಗೆ ಉತ್ತರ ಕೊಡಲು ಯಾರಿಗಾದರೂ ತಡವರಿಕೆಯಾಗುತ್ತದೆ, ಟ್ರಂಕು ಎಲ್ಲಿಡಬೇಕು ಎಂಬುದಕ್ಕೆ ಆಗುವುದಿಲ್ಲ. ನೀರು ಬೀಳುವ ನಲ್ಲಿ ಯಾವುದು, ಬಿಸಿನೀರು ಎಷ್ಟೊತ್ತಿಗೆ, ಊಟದ ಗಂಟೆ ಯಾವಾಗ ಎಂಬ ಪ್ರಶ್ನೆಗಳೂ ಇದೇ ಜಾತಿಯವು. ಅವಕ್ಕೆ ಉತ್ತರ ಕೊಡುತ್ತ ಕೊಡುತ್ತ ಅವನೇ ಮನೆಯವನಾಗುತ್ತಾನೆ.

ಮಲಗಿದ್ದವನನ್ನು ಎಬ್ಬಿಸಿ ಪರಿಚಯ ಮಾಡಿಕೊಳ್ಳುವುದು ಬೇಡ. ಅವನು ಎದ್ದಾಗ ಒಂದು ನಗು, ಹೆಸರು, ಊರು ಹೇಳಿದರೆ ಆಯಿತು. ಆ ಊರಿನ ಮಾತೇ ಇಲ್ಲಿ ಚೆನ್ನಾಗಿ ಬೆಳೆಯುತ್ತದೆ. ಹರಪನಹಳ್ಳಿಯ ಹುಡುಗನಿಗೆ ‘ನಿಮ್ದು ದಾವಣಗೆರೆ ಜಿಲ್ಲೆ ಅಲ್ಲೇನು?’ ಎಂದು ಯಾರಾದರೂ ಕೇಳಬಹುದು. ಆ ತಾಲ್ಲೂಕು 1997ರಲ್ಲಿ ಬಳ್ಳಾರಿಯಿಂದ ದಾವಣಗೆರೆಗೆ ಹೋಯಿತು, 371ಜೆ ಸೌಲಭ್ಯದ ಬೇಡಿಕೆಯಿಂದಾಗಿ 2018ರಲ್ಲಿ ಬಳ್ಳಾರಿಗೆ ಮರಳಿತು, 2021ರಲ್ಲಿ ವಿಜಯನಗರಕ್ಕೆ ಸೇರಿತು. ಹಡಗಲಿಯವನ ಮಾತಿನಲ್ಲಿ ಹೊಳೆಯಾಚೆಯ ಹಾವೇರಿ, ಗದಗಿನ ‘ರೀ’ ಇರುತ್ತದೆ, ಕೂಡ್ಲಿಗಿಯವನ ಮಾತಿನಲ್ಲಿ ಚಿತ್ರದುರ್ಗದ ಎಳೆ. ಇಬ್ಬರು ಲಂಬಾಣಿಯಲ್ಲೋ ತೆಲುಗಿನಲ್ಲೋ ಉರ್ದುವಿನಲ್ಲೋ ಮಾತಾಡಿಕೊಂಡರೆ ಮೂರನೆಯವನು ಹೊರಗುಳಿಯುತ್ತಾನೆ. ಅವನು ಕೋಣೆಯಲ್ಲಿ ಇರುವಾಗ ಕನ್ನಡಕ್ಕೆ ಹೊರಳುವುದು ಮೊದಲ ದಿನ ಮಾಡಬಹುದಾದ ದೊಡ್ಡ ಸೌಜನ್ಯ.

ರೊಟ್ಟಿಯ ಗಂಟು ಯಾವಾಗ ಬಿಚ್ಚಬೇಕು? ಬಂದ ಐದು ನಿಮಿಷಕ್ಕೆ ಬಿಚ್ಚಿ ಎಲ್ಲರ ಕೈಗೂ ತುರುಕಿದರೆ ಅದು ಪರಿಚಯಕ್ಕೆ ಕೊಟ್ಟ ಬೆಲೆಯಂತೆ ಕಾಣುತ್ತದೆ. ಬಚ್ಚಿಟ್ಟು ರಾತ್ರಿ ಒಬ್ಬನೇ ತಿಂದರೆ ವರ್ಷವಿಡೀ ನೆನಪಿಡುತ್ತಾರೆ. ಊಟದ ಹೊತ್ತಿಗೆ ಬಿಚ್ಚಿ ನಡುವೆ ಇಟ್ಟು ‘ತಗೊಳ್ರಿ’ ಎಂದು ಒಮ್ಮೆ ಹೇಳುವುದು ಹದ. ಯಾರಾದರೂ ಬೇಡ ಎಂದರೆ ಮತ್ತೆ ಒತ್ತಾಯಿಸಬಾರದು. ಊರಿನಲ್ಲಿ ಮೂರು ಸಲ ಒತ್ತಾಯ ಮಾಡುವುದು ಉಪಚಾರ, ಸರಿ. ಆದರೆ ಅನ್ನದ ವಿಷಯದಲ್ಲಿ ಜಾತಿಯ ನೋವು ಕಂಡವರೂ, ವ್ರತ ಉಪವಾಸದವರೂ, ಸುಮ್ಮನೆ ನಾಚಿಕೆಯವರೂ ಆ ಕೋಣೆಯಲ್ಲಿ ಇರಬಹುದು. ಬೇಡ ಎಂದವನಿಗೆ ಕಾರಣ ಕೇಳದಿರುವುದೇ ಅಲ್ಲಿ ಉಪಚಾರ.

ಏಕವಚನಕ್ಕೆ ಇಳಿಯುವ ವೇಗವನ್ನೂ ಹೀಗೇ ನೋಡಬೇಕು. ಒಂದೇ ತರಗತಿಯವರಾದರೂ ಮೊದಲ ಮಾತಿಗೆ ‘ನೀವು’ ಎಂದರೆ ಕಳೆದುಕೊಳ್ಳುವುದೇನೂ ಇಲ್ಲ. ಮರುದಿನದ ಹೊತ್ತಿಗೆ ಅದು ತಾನಾಗಿ ‘ನೀನು’ ಆಗುತ್ತದೆ, ತಿಂಗಳಲ್ಲಿ ‘ಲೇ’ ಆಗಬಹುದು. ಎರಡೂ ಕಡೆಯಿಂದ ಬಂದ ‘ಲೇ’ ಗೆಳೆತನ. ಒಂದೇ ಕಡೆಯಿಂದ ಬಂದರೆ ಅದು ದರ್ಪ. ಮೊದಲ ದಿನವೇ ‘ಏನ್ ಮಗಾ’ ಎಂದು ಹೆಗಲ ಮೇಲೆ ಕೈ ಹಾಕುವವನಿಗೆ ಎದುರಿನವನ ಮೈ ಬಿಗಿಯುವುದು ಗೊತ್ತಾದರೆ ಸಾಕು, ತಾನು ಎಷ್ಟು ಮುಂದೆ ಬಂದೆ ಎಂಬುದು ತಿಳಿಯುತ್ತದೆ. ಬೇರೆ ಗುರುತುಗಳೂ ಇವೆ. ಉತ್ತರ ಒಂದೊಂದೇ ಪದಕ್ಕೆ ಇಳಿದರೆ, ತಿರುಗಿ ಒಂದೂ ಪ್ರಶ್ನೆ ಬಾರದಿದ್ದರೆ, ಅವನ ಕೈ ಮೊಬೈಲಿಗೆ ಹೋದರೆ ಆ ಹೊತ್ತಿಗೆ ಸಾಕು ಮಾಡಬೇಕು. ಅದು ತಿರಸ್ಕಾರ ಅಂತಲ್ಲ, ಅವನೂ ಮನೆ ಬಿಟ್ಟು ಬಂದವನು, ಅವನಿಗೂ ದಣಿವು ಇರುತ್ತದೆ.

ಸೀನಿಯರ್‌ಗಳ ವಿಷಯಕ್ಕೆ ಬಂದರೆ ತಕ್ಕಡಿ ಅಣ್ಣನ ಕಡೆಗೆ ಸ್ವಲ್ಪ ವಾಲುತ್ತದೆ. ಅವರು ಆ ಹಾಸ್ಟೆಲ್‌ನಲ್ಲಿ ನಿಜವಾಗಿ ಮೊದಲಿನಿಂದ ಇದ್ದವರು, ಮನೆಯವರ ಜಾಗ ಅವರದು. ಹಾಗಾಗಿ ಎದುರಾದಾಗ ‘ನಮಸ್ಕಾರ ಅಣ್ಣ’, ‘ನಮಸ್ಕಾರ ಅಕ್ಕ’ ಎಂದು ಒಮ್ಮೆ ಹೇಳಿ, ಮುಂದಿನ ಮಾತನ್ನು ಅವರಿಗೆ ಬಿಡುವುದು ಸರಿ. ಕೋಣೆ ಕೋಣೆಗೆ ಹೋಗಿ ಪರಿಚಯ ಹೇಳಿಕೊಳ್ಳುವ ಅಗತ್ಯ ಇಲ್ಲ. ಊಟದ ಹಾಲ್‌ನಲ್ಲಿ ‘ಹೊಸಬನೇನು? ಯಾವೂರು? ಏನು ಓದ್ತಿ?’ ಎಂದು ಕೇಳಿದರೆ ಹೆಸರು, ಊರು, ಕೋರ್ಸ್ ಹೇಳಿದರೆ ಸಾಕು. ‘ನೀವು ಯಾವ ವರ್ಷ ಅಣ್ಣ?’ ಎಂದು ಒಂದು ಪ್ರಶ್ನೆ ತಿರುಗಿ ಕೇಳಿದರೆ ಇನ್ನೂ ಒಳ್ಳೆಯದು. ‘ನಿಮ್ದು ಯಾವ ಪೈಕಿ?’ ಎಂದು ಜಾತಿ ಕೇಳುವವರೂ ಇರುತ್ತಾರೆ. ಹೇಳಲು ಇಷ್ಟವಿಲ್ಲದಿದ್ದರೆ ‘ಊರ ಹೆಸರು ಹೇಳೀನಲ್ಲಣ್ಣ’ ಎಂದು ನಗುತ್ತ ನಿಲ್ಲಿಸಬಹುದು. ಅಷ್ಟಕ್ಕೆ ಬಿಡುವವನು ಅಭ್ಯಾಸಬಲದಿಂದ ಕೇಳಿದವನು, ಬಿಡದೆ ಕೆದಕುವವನ ಬಳಿ ಮುಂದೆಯೂ ಎಚ್ಚರ ಇರಲಿ.

‘ಸರ್’ ಅನ್ನಬೇಕೆಂದು ಕೆಲವು ಸೀನಿಯರ್‌ಗಳು ಬಯಸುತ್ತಾರೆ. ಅವರ ವಾದವನ್ನೂ ಕೇಳಬೇಕು. ಹಿರಿಯರು ಕಿರಿಯರು ಎಂಬ ಅಳತೆ ಇದ್ದರೆ ಹಾಸ್ಟೆಲ್ ಶಿಸ್ತಿನಲ್ಲಿ ಇರುತ್ತದೆ, ಹೊಸಬರಿಗೆ ಜ್ವರ ಬಂದಾಗ ರಾತ್ರಿ ಆಸ್ಪತ್ರೆಗೆ ಕರೆದೊಯ್ಯುವವರೂ ನಾವೇ, ಮೊದಲ ವಾರದ ಬಿಗಿ ಆಮೇಲೆ ಗೆಳೆತನವಾಗುತ್ತದೆ ಎಂದು ಅವರು ಹೇಳುತ್ತಾರೆ. ಹಿರಿಯರ ಆಸರೆ ಎನ್ನುವುದು ನಿಜ. ಹಳೆಯ ನೋಟ್ಸ್, ವಿದ್ಯಾರ್ಥಿವೇತನದ ಅರ್ಜಿ ತುಂಬುವ ಬಗೆ, ಯಾವ ವಿಷಯಕ್ಕೆ ಯಾವ ಪುಸ್ತಕ ಎಂಬುದೆಲ್ಲ ಹೊಸಬರಿಗೆ ಸಿಗುವುದು ಅವರಿಂದಲೇ. ಆದರೆ ಆ ಆಸರೆಗೆ ಬಿಗಿಯೇ ದಾರಿ ಎಂಬುದು ನಿಲ್ಲದ ಮಾತು. ಅಣ್ಣ ಎಂದು ಕರೆಸಿಕೊಂಡವನಿಗೆ ನೋಡಿಕೊಳ್ಳುವ ಹೊಣೆಯೂ ಬರುತ್ತದೆ, ಸರ್ ಎಂದು ಕರೆಸಿಕೊಂಡ ಹುಡುಗನಿಗೆ ಅಧಿಕಾರ ಮಾತ್ರ ಬರುತ್ತದೆ.

ಇಲ್ಲಿ ಕಾನೂನು ಒಂದು ಗೆರೆ ಎಳೆದಿದೆ. 1983ರ ಕರ್ನಾಟಕ ಶಿಕ್ಷಣ ಕಾಯ್ದೆ, ತಮಾಷೆಯ ನೆಪದಲ್ಲಾದರೂ ವಿದ್ಯಾರ್ಥಿಯೊಬ್ಬನ ಘನತೆಗೆ ಕುಂದು ತರುವ ಕೆಲಸವನ್ನು ಬಲವಂತದಿಂದ ಮಾಡಿಸುವುದನ್ನು ರ‍್ಯಾಗಿಂಗ್ ಎನ್ನುತ್ತದೆ. ಶಿಕ್ಷೆ ಒಂದು ವರ್ಷದವರೆಗಿನ ಸೆರೆವಾಸಕ್ಕೂ ಹೋಗಬಹುದು. ಯುಜಿಸಿಯ 2009ರ ನಿಯಮಗಳ ಪ್ರಕಾರ ಹೊಸಬರಿಂದ ತಮ್ಮ ಓದಿನ ಕೆಲಸ ಮಾಡಿಸಿಕೊಳ್ಳುವುದು, ಅವರ ಮೇಲೆ ಬಲವಂತದ ಖರ್ಚು ಹೇರುವುದು ಎರಡೂ ರ‍್ಯಾಗಿಂಗ್. ಜಾತಿ, ಪ್ರದೇಶ, ಭಾಷೆ, ಬಣ್ಣ ಹಿಡಿದು ಹೀಯಾಳಿಸುವುದನ್ನು 2016ರ ತಿದ್ದುಪಡಿ ಸ್ಪಷ್ಟವಾಗಿ ಸೇರಿಸಿತು. ಅಂದರೆ ರೆಕಾರ್ಡ್ ಬರೆಸುವುದು, ದಿನಾ ಚಹಾದ ದುಡ್ಡು ಕೊಡಿಸುವುದು ‘ಹಾಸ್ಟೆಲ್ ಪದ್ಧತಿ’ ಅಲ್ಲ, ಅಪರಾಧ. ದೂರು ಕೊಡಲು 1800-180-5522 ಎಂಬ ಉಚಿತ ಸಹಾಯವಾಣಿ ಹಗಲು ರಾತ್ರಿ ಇದೆ.

ಆದರೆ ಪ್ರತಿ ಸಣ್ಣ ಕೆಲಸವನ್ನೂ ರ‍್ಯಾಗಿಂಗ್ ಎಂದು ನೋಡಿದರೆ ಒಟ್ಟಿಗೆ ಬಾಳುವುದೇ ಆಗುವುದಿಲ್ಲ. ‘ತಮ್ಮಾ, ಬರುವಾಗ ನನ್ನ ಬಕೆಟ್ ತಗಂಬಾ’ ಎನ್ನುವುದು ಅಪರಾಧವಲ್ಲ. ವ್ಯತ್ಯಾಸ ತಿಳಿಯಲು ಮೂರು ಪ್ರಶ್ನೆ ಸಾಕು. ‘ಈಗ ಆಗಲ್ಲಣ್ಣ’ ಎಂದರೆ ಅವನು ಮುಖ ಗಂಟು ಹಾಕದೆ ‘ಇರ್ಲಿ ಬಿಡು’ ಅನ್ನುತ್ತಾನೋ? ಇಂದು ನಾನು ಅವನ ಕೆಲಸ ಮಾಡಿದರೆ ನಾಳೆ ಅವನು ನನ್ನದು ಮಾಡುತ್ತಾನೋ? ವಾರ್ಡನ್ ಎದುರಿಗೂ ಇದನ್ನೇ ಕೇಳುತ್ತಿದ್ದನೋ? ಮೂರಕ್ಕೂ ಹೌದು ಎನ್ನುವಂತಿದ್ದರೆ ಅದು ಮನೆಯವರ ಸಲಿಗೆ, ಸಂತೋಷದಿಂದ ಮಾಡಬಹುದು. ಒಂದಕ್ಕೂ ಹೌದು ಬಾರದಿದ್ದರೆ ಅಂದೇ ರೂಮ್‌ಮೇಟ್‌ಗಳಿಗೆ ಹೇಳಬೇಕು, ಮತ್ತೆ ಆದರೆ ವಾರ್ಡನ್‌ಗೆ. ರೂಮ್‌ಮೇಟ್‌ಗಳನ್ನು ಮೊದಲ ಸಂಜೆಯೇ ಮಾತಾಡಿಸಿರಬೇಕು ಎನ್ನುವುದಕ್ಕೆ ಇದೂ ಒಂದು ಕಾರಣ. ಒಂಟಿಯಾಗಿ ಇರುವವನನ್ನು ಕಾಡುವುದು ಸುಲಭ.

ಹೆಣ್ಣುಮಕ್ಕಳ ಹಾಸ್ಟೆಲ್‌ನಲ್ಲಿ ತೂಕ ಸ್ವಲ್ಪ ಬೇರೆ. ಸಂಜೆಗೆ ಗೇಟು ಮುಚ್ಚುತ್ತದೆ, ಹೊರಗೆ ಹೋಗಿ ಹಗುರಾಗುವ ದಾರಿ ಇರುವುದಿಲ್ಲ, ಕೋಣೆಯೊಳಗಿನ ಬಿಗುವು ಅಲ್ಲೇ ಸುತ್ತುತ್ತದೆ. ಹಾಗಾಗಿ ಅಲ್ಲಿ ಮೊದಲ ಮಾತಿಗೆ ಬೆಲೆ ಇನ್ನೂ ಹೆಚ್ಚು. ಅದರ ಜೊತೆಗೇ ಮನೆಯ ವಿಷಯ, ಮದುವೆಯ ಮಾತು, ಯಾರ ಫೋನು ಬಂತು ಎಂಬುದನ್ನು ಮೊದಲ ರಾತ್ರಿಯೇ ಎಲ್ಲರ ಮುಂದೆ ತೆರೆದಿಟ್ಟರೆ ಅದು ಊರಿಗೆ ಮುಟ್ಟಿ ಓದೇ ನಿಲ್ಲುವ ಅಪಾಯ ಇದೆ. ಅಲ್ಲಿ ನಗು, ಹೆಸರು, ಬಕೆಟ್ಟಿನ ಪಾಳಿಯ ಮಾತು ಮೊದಲ ದಿನಕ್ಕೆ. ಮನಸ್ಸಿನ ಮಾತು, ನಂಬಿಕೆ ಕಂಡ ಮೇಲೆ.

ಕೊನೆಗೆ ನನ್ನ ತೀರ್ಪು ಇದು. ರೂಮ್‌ಮೇಟ್‌ಗಳ ವಿಷಯದಲ್ಲಿ ತಾಯಿಯ ಮಾತು ಗೆಲ್ಲುತ್ತದೆ. ಕಾಯದೆ ಮೊದಲು ಮಾತಾಡಿಸಬೇಕು, ಅತಿ ಎನಿಸೀತು ಎಂಬ ಅಂಜಿಕೆಗೆ ಆಧಾರ ಕಡಿಮೆ. ಸೀನಿಯರ್‌ಗಳ ವಿಷಯದಲ್ಲಿ ನಮಸ್ಕಾರ ನಮ್ಮದು, ಮುಂದಿನ ಹೆಜ್ಜೆ ಅವರದು. ಅಣ್ಣ ಹೇಳಿದ ಎಚ್ಚರಿಕೆ ನಿಜವಾಗಿ ಬೇಕಿರುವುದು ದುಡ್ಡು, ದುಡಿಮೆ, ಗುಟ್ಟು ಈ ಮೂರರಲ್ಲಿ. ಮೊದಲ ದಿನ ಮಾತನ್ನು ಧಾರಾಳವಾಗಿ ಕೊಡಬಹುದು, ಈ ಮೂರನ್ನು ಕೊಡಬಾರದು. ಮಾತು ಕೊಟ್ಟವನು ನಾಳೆ ಸುಮ್ಮನಿದ್ದರೂ ಯಾರೂ ಸಾಲ ಕೇಳುವುದಿಲ್ಲ.

ಇಷ್ಟೆಲ್ಲ ಹೊರೆಯನ್ನು ಹೊಸಬನ ತಲೆಗೇ ಕಟ್ಟುವುದೂ ಸರಿಯಲ್ಲ. ಈ ವರ್ಷ ಎರಡನೆಯ, ಮೂರನೆಯ ವರ್ಷಕ್ಕೆ ಕಾಲಿಟ್ಟವರು ಹಾಸ್ಟೆಲ್‌ನ ಮನೆಯವರು. ಪಟ್ಟಿ ಬಂದ ಮೇಲೆ ಹೊಸ ಮುಖವೊಂದು ಟ್ರಂಕು ಹಿಡಿದು ಗೇಟಿನೊಳಗೆ ಬಂದರೆ ಎದ್ದು ಹೋಗಿ ಇನ್ನೊಂದು ಹಿಡಿ ಹಿಡಿದು, ‘ಬಾ ತಮ್ಮಾ, ಯಾವ ರೂಮು?’ ಎಂದು ಮೊದಲು ಕೇಳಬೇಕಾದವರು ಅವರೇ.